ಪೋಲ್‌ನಲ್ಲಿ ಗೆದ್ದ ಡ್ರಿಂಕ್ ಕೌಂಟರ್‌ನಲ್ಲಿ ಯಾಕೆ ಸೋಲುತ್ತದೆ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಕಾಫಿ ಅಂಗಡಿ. ಇನ್‌ಸ್ಟಾಗ್ರಾಂನಲ್ಲಿ ಸುಮಾರು 3000 ಫಾಲೋವರ್ಸ್ ಇದ್ದಾರೆ. ಬೇಸಿಗೆಗೆ ಯಾವ ಹೊಸ ಡ್ರಿಂಕ್ ಬೇಕು ಅಂತ ಸ್ಟೋರಿಯಲ್ಲಿ ಪೋಲ್ ಹಾಕಿದ್ವಿ. ಎಳನೀರು ಎಸ್‌ಪ್ರೆಸೊ 38%, ಬೆಲ್ಲದ ಕೋಲ್ಡ್ ಕಾಫಿ 24%, ಏಲಕ್ಕಿ ಕೋಲ್ಡ್ ಕಾಫಿ 20%, ಐಸ್‌ಕ್ರೀಂ ಕೋಲ್ಡ್ ಕಾಫಿ 18% ಬಂತು. ಗೆದ್ದಿದ್ದನ್ನೇ ತಂದ್ವಿ. ದಿನಕ್ಕೆ ಒಂದೆರಡು ಲೋಟ ಹೋದ್ರೆ ಅದೇ ಹೆಚ್ಚು. ಈಗ ಮಳೆಗಾಲಕ್ಕೆ ಬೆಲ್ಲ-ಶುಂಠಿ ಕಾಫಿ, ಹಾಟ್ ಚಾಕೊಲೇಟ್, ಹಲಸಿನ ಹಣ್ಣಿನ ಮಿಲ್ಕ್‌ಶೇಕ್, ಪುನರ್ಪುಳಿ ಎಸ್‌ಪ್ರೆಸೊ ಟಾನಿಕ್ ಈ ನಾಲ್ಕನ್ನು ಇಟ್ಟು ಮತ್ತೆ ಪೋಲ್ ಹಾಕೋಣ ಅಂತಿದೀವಿ. ಪೋಸ್ಟ್ ಹೇಗಿದ್ರೆ ಸರಿಯಾದ ಉತ್ತರ ಸಿಗುತ್ತೆ?

ಉತ್ತರ: ನೀವು ಕೊಟ್ಟ ಬೇಸಿಗೆಯ ಅಂಕಿಗಳನ್ನು ಮೊದಲು ಇನ್ನೊಮ್ಮೆ ನೋಡೋಣ. ಎಳನೀರಿಗೆ 38. ಉಳಿದ ಮೂರನ್ನು ಕೂಡಿಸಿದರೆ 62. ಆ ಮೂರೂ ಒಂದೇ ಜಾತಿಯವು, ಹಾಲು ಹಾಕಿದ ಕೋಲ್ಡ್ ಕಾಫಿಗಳು. ಅಂದರೆ ಮತ ಹಾಕಿದವರಲ್ಲಿ ಹೆಚ್ಚಿನವರು ಕೇಳಿದ್ದು ಕೋಲ್ಡ್ ಕಾಫಿಯನ್ನೇ. ಆ ಮತಗಳು ಮೂರು ಕಡೆ ಹಂಚಿಹೋದವು. ಎಳನೀರು ಒಂಟಿಯಾಗಿ ನಿಂತಿತ್ತು, ಹಾಗಾಗಿ ಮೇಲೆ ಬಂತು. ಒಂದೇ ಪಕ್ಷದಿಂದ ಮೂವರು ನಿಂತು ಮತ ಒಡೆದುಕೊಂಡು ಎದುರಾಳಿ ಗೆದ್ದ ಹಾಗೆ. ನಿಮ್ಮ ಗಿರಾಕಿಗಳು ತಪ್ಪು ಉತ್ತರ ಕೊಡಲಿಲ್ಲ. ಪೋಲ್‌ನ ಆಯ್ಕೆಗಳೇ ಆ ಉತ್ತರವನ್ನು ಮುಚ್ಚಿಟ್ಟವು.

ಮಳೆಗಾಲದ ನಾಲ್ಕನ್ನು ಹೀಗೇ ಹಾಕಿದರೆ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಎರಡು ಬಿಸಿ, ಎರಡು ತಣ್ಣಗಿನವು. ಪುನರ್ಪುಳಿ ಟಾನಿಕ್ ಫೋಟೋದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಕೆಳಗೆ ಕೆಂಪು, ಮೇಲೆ ಕಪ್ಪು, ನಡುವೆ ಐಸ್. ಮತ ಹಾಕಲು ಕಾಸು ಕೊಡಬೇಕಾಗಿಲ್ಲ, ಮಳೆಯಲ್ಲಿ ನೆನೆದು ಬರಬೇಕಾಗಿಯೂ ಇಲ್ಲ. ಹಾಗಾಗಿ ಬೆರಳು ಹೋಗುವುದು ನೋಡಲು ಹೊಸದಾಗಿರುವುದರ ಮೇಲೆ. ಅದೇ ಮನುಷ್ಯ ಜುಲೈ ಸಂಜೆ ಐದು ಗಂಟೆಗೆ ಜಿನುಗು ಮಳೆಯಲ್ಲಿ ನಿಮ್ಮ ಬಾಗಿಲು ತಳ್ಳಿ ಒಳಗೆ ಬಂದಾಗ ಐಸ್ ಹಾಕಿದ ಲೋಟ ಕೇಳುವುದು ಕಷ್ಟ.

ಆದ್ದರಿಂದ ಪೋಲ್‌ನ ಮುಖ್ಯ ಕೆಲಸ ಪೋಸ್ಟ್ ಹಾಕುವ ಮೊದಲೇ ಇದೆ. ನಾಲ್ಕರಲ್ಲಿ ಯಾವುದು ಗೆದ್ದರೂ ನಾಳೆಯಿಂದಲೇ ಮಾಡಿಕೊಡಬಲ್ಲಿರಾ? ರಶ್ ಇರುವಾಗಲೂ, ಸುಮಾರು ಒಂದೇ ಬೆಲೆಗೆ, ಸೀಸನ್ ಮುಗಿಯುವವರೆಗೂ? ಇದಕ್ಕೆ ಹೌದು ಎನ್ನಲಾಗದ ಡ್ರಿಂಕ್ ಪೋಲ್‌ಗೆ ಬರಲೇಬಾರದು.

ಹಲಸಿನಿಂದ ಶುರು ಮಾಡೋಣ. ನಮ್ಮ ಕಡೆ ಹಲಸು ಹೆಚ್ಚಾಗಿ ಸಿಗುವುದು ಮೇ ತಿಂಗಳಿಂದ ಜುಲೈವರೆಗೆ. ಮಳೆ ಜೋರಾದ ಮೇಲೆ ಬರುವ ಹಣ್ಣಿನ ತೊಳೆ ನೀರು ನೀರಾಗಿ, ಸಿಹಿ ಕಡಿಮೆಯಾಗಿರುತ್ತದೆ. ಪೋಲ್ ಮುಗಿಸಿ, ತಯಾರಿ ಮಾಡಿ, ಮೆನುವಿಗೆ ಹಾಕುವ ಹೊತ್ತಿಗೆ ಒಳ್ಳೆಯ ಹಣ್ಣು ಮುಗಿಯುತ್ತಾ ಬಂದಿರುತ್ತದೆ. ಬಿಡಿಸುವುದಕ್ಕೆ ಎಣ್ಣೆ ಹಚ್ಚಿದ ಕೈ ಬೇಕು, ಮೇಣ ತೆಗೆಯಬೇಕು, ಅದಕ್ಕೇ ಒಬ್ಬರು ಕೂರಬೇಕು. ಚಿಕ್ಕ ಅಂಗಡಿಗೆ ಇದಕ್ಕಿಂತ ದೊಡ್ಡ ತಲೆನೋವು ವಾಸನೆ. ಫ್ರಿಜ್‌ನಲ್ಲಿ ತೆರೆದ ಡಬ್ಬಿಯಲ್ಲಿ ತೊಳೆ ಇಟ್ಟರೆ ಮರುದಿನ ಹಾಲಿಗೂ ಬೆಣ್ಣೆಗೂ ಹಲಸಿನ ವಾಸನೆ ಹಿಡಿದಿರುತ್ತದೆ. ಕಾಫಿ ಪುಡಿಯಂತೂ ಪಕ್ಕದಲ್ಲಿರುವುದರ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಹಲಸು ಬೇಡ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಹಣ್ಣು ಸಿಕ್ಕಿದ ವಾರ ಬೋರ್ಡಿನಲ್ಲಿ ಬರೆದು, ಮುಗಿಯುವವರೆಗೆ ಮಾರಿ. ಅದಕ್ಕೆ ಮತ ಕೇಳುವ ಅಗತ್ಯವಿಲ್ಲ.

ಪುನರ್ಪುಳಿ ಟಾನಿಕ್‌ನಲ್ಲಿ ಲೆಕ್ಕವೇ ಕೂಡುವುದಿಲ್ಲ. ಎಸ್‌ಪ್ರೆಸೊಗೆ 18 ಗ್ರಾಂ ಪುಡಿ, ಒಂದು ಟಾನಿಕ್ ವಾಟರ್ ಕ್ಯಾನ್, ಪುನರ್ಪುಳಿ ಸಿರಪ್, ಐಸ್ ಸೇರಿ ಒಂದು ಲೋಟಕ್ಕೆ ಸಾಮಗ್ರಿಯೇ 90 ರೂಪಾಯಿ ಆಸುಪಾಸು ಆಗುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ದರಗಳನ್ನು ಹಾಕಿ ನೋಡಿ, ತೀರಾ ದೂರ ಇರುವುದಿಲ್ಲ. ಸಾಮಗ್ರಿ ಖರ್ಚು ಮಾರುವ ಬೆಲೆಯ ಮೂರನೇ ಒಂದು ಭಾಗ ದಾಟಬಾರದು ಎಂದರೆ ಇದನ್ನು 270 ರೂಪಾಯಿಗೆ ಮಾರಬೇಕು. ಬೆಲ್ಲ-ಶುಂಠಿ ಕಾಫಿಗೆ 120 ಮಿಲಿ ಹಾಲು, 12 ಗ್ರಾಂ ಪುಡಿ, ಸ್ವಲ್ಪ ಬೆಲ್ಲ, ಶುಂಠಿ, ಎಲ್ಲ ಸೇರಿ 20 ರೂಪಾಯಿ ಹತ್ತಿರ. ಪೋಲ್‌ನಲ್ಲಿ ಇವೆರಡೂ ಪಕ್ಕಪಕ್ಕ ನಿಂತಾಗ ಬೆಲೆ ಕಾಣುವುದಿಲ್ಲ. ಕೌಂಟರ್‌ನಲ್ಲಿ ಮೊದಲು ಕಾಣುವುದೇ ಅದು. ಜೊತೆಗೆ ಟಾನಿಕ್ ಮೇಲೆ ಎಸ್‌ಪ್ರೆಸೊ ಸುರಿದ ಕೂಡಲೇ ಬುರುಗು ಉಕ್ಕುತ್ತದೆ. ಐಸ್ ಮೇಲೆ ನಿಧಾನವಾಗಿ ಇಳಿಸಬೇಕು, ಆ ಹೊತ್ತು ಒಬ್ಬರು ಅದರ ಮುಂದೆಯೇ ನಿಂತಿರಬೇಕು. ಪುನರ್ಪುಳಿ ಹಣ್ಣು ಬರುವುದೂ ಬೇಸಿಗೆಯಲ್ಲೇ. ಇದನ್ನು ಮುಂದಿನ ಮಾರ್ಚ್‌ಗೆ ಎತ್ತಿಡಿ.

ಉಳಿದಿದ್ದು ಎರಡು, ಎರಡೂ ಬಿಸಿ. ಹಾಟ್ ಚಾಕೊಲೇಟ್ ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಅದಕ್ಕೆ ಚಿಟಿಕೆ ಕರಿಮೆಣಸಿನ ಪುಡಿ ಸೇರಿಸಿ ನಿಮ್ಮದೇ ಮಾಡಿಕೊಳ್ಳಿ. ಮಲೆನಾಡಿನ ಮೆಣಸು ಪಕ್ಕದಲ್ಲೇ ಬೆಳೆಯುತ್ತದೆ, ಚಾಕೊಲೇಟ್‌ಗೆ ಚೆನ್ನಾಗಿ ಹೊಂದುತ್ತದೆ, ಮಳೆಗೂ ಸರಿ. ಒಂದನ್ನು 100 ರೂಪಾಯಿಗೆ, ಇನ್ನೊಂದನ್ನು 120ಕ್ಕೆ ಮಾರಬಹುದು. ಈಗ ಇವೆರಡನ್ನು ಎದುರುಬದುರು ನಿಲ್ಲಿಸಿದರೆ ಮತಕ್ಕೆ ಅರ್ಥವಿದೆ.

ಪೋಸ್ಟ್‌ಗೆ ಹೋಗುವ ಮೊದಲು ಬೆಲ್ಲ-ಶುಂಠಿ ಕಾಫಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಇದು ಗೆಲ್ಲುವ ಸಾಧ್ಯತೆ ಜಾಸ್ತಿ. ಸರಿಯಾಗಿ ಮಾಡದಿದ್ದರೆ ಮೊದಲ ದಿನವೇ ಹಾಲು ಒಡೆಯುತ್ತದೆ. ಹಾಲು ಒಡೆಯಲು ಇಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಹಳೆಯದಾದಷ್ಟೂ ಹೆಚ್ಚು. ಕುದಿಯುವ ಹಾಲಿಗೆ ಬೆಲ್ಲ ಹಾಕಿ ಮತ್ತೆ ಕುದಿಸಿದರೆ ಆ ಹುಳಿಗೆ ಹಾಲು ಒಡೆಯುತ್ತದೆ. ಇದು ಪಾಯಸ ಮಾಡುವವರಿಗೆಲ್ಲ ಗೊತ್ತು. ಎರಡನೆಯದು ಅಷ್ಟಾಗಿ ಗೊತ್ತಿರುವುದಿಲ್ಲ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ಹಸಿ ಶುಂಠಿ ರಸವನ್ನು ಬೆಚ್ಚಗಿನ ಹಾಲಿಗೆ ಹಾಕಿದರೆ ಹುಳಿ ಇಲ್ಲದೆಯೂ ಹಾಲು ಗಟ್ಟಿಯಾಗುತ್ತದೆ. ಕುದಿಸಿದರೆ ಈ ಕಿಣ್ವ ಕೆಲಸ ಮಾಡುವುದಿಲ್ಲ. ಟೀ ಅಂಗಡಿಯವರು ಶುಂಠಿಯನ್ನು ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಹಾಲು ಹಾಕುವುದನ್ನು ನೀವು ನೋಡಿರುತ್ತೀರಿ.

ಹಾಗಾಗಿ ಎರಡನ್ನೂ ಒಂದೇ ಸಿರಪ್‌ನಲ್ಲಿ ಮುಗಿಸಿ. 250 ಗ್ರಾಂ ಬೆಲ್ಲ, 250 ಮಿಲಿ ನೀರು, ಜಜ್ಜಿದ 50 ಗ್ರಾಂ ಶುಂಠಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಮಣ್ಣು ಮತ್ತು ಕಬ್ಬಿನ ನಾರು ಉಳಿಯುತ್ತದೆ. ಸುಮಾರು 350 ಮಿಲಿ ಸಿಗುತ್ತದೆ. ಒಂದು ಲೋಟಕ್ಕೆ 25 ಮಿಲಿ ಸಾಕು, ಅಂದರೆ ಒಂದು ಸಲ ಮಾಡಿದ್ದರಲ್ಲಿ 14 ಲೋಟ. ಲೋಟಕ್ಕೆ ಮೊದಲು ಸಿರಪ್, ಅದರ ಮೇಲೆ 40 ಮಿಲಿ ಡಿಕಾಕ್ಷನ್, ಕಲಕಿ, ಕೊನೆಗೆ ಕುದಿಸಿ ಒಲೆಯಿಂದ ಇಳಿಸಿದ ಹಾಲು. ಹಾಲು ಹಾಕಿದ ಮೇಲೆ ಮತ್ತೆ ಬಿಸಿ ಮಾಡಬೇಡಿ. ಆರಿಹೋಯಿತು ಎಂದು ಯಾರಾದರೂ ವಾಪಸ್ ತಂದರೆ ಹೊಸದನ್ನೇ ಮಾಡಿಕೊಡಿ. ಒಡೆಯಲು ಶುರುವಾಗಿದೆಯೇ ಎಂದು ನೋಡಲು ಒಂದು ಚಮಚ ತೆಗೆದು ಗಾಜಿನ ಲೋಟದ ಒಳಗೋಡೆಗೆ ಹಚ್ಚಿ. ನಯವಾಗಿ ಜಾರಿದರೆ ಸರಿ, ರವೆಯ ಹಾಗೆ ಸಣ್ಣ ಕಣ ಅಂಟಿದರೆ ಒಡೆಯುತ್ತಿದೆ ಎಂದರ್ಥ. ಬೆಲ್ಲದ ಹೊಸ ಅಚ್ಚು ತೆರೆದಾಗಲೆಲ್ಲ ಈ ಪರೀಕ್ಷೆ ಬೇಕು. ಒಂದು ಅಚ್ಚಿನ ಹಾಗೆ ಇನ್ನೊಂದು ಇರುವುದಿಲ್ಲ.

ಈಗ ಪೋಸ್ಟ್. ಇನ್‌ಸ್ಟಾಗ್ರಾಂ ಸ್ಟೋರಿಯ ಪೋಲ್‌ನಲ್ಲಿ ನಾಲ್ಕು ಆಯ್ಕೆ ಕೊಡಬಹುದು. ಡ್ರಿಂಕ್ ಎರಡೇ ಇದ್ದರೂ ನಾಲ್ಕನ್ನೂ ತುಂಬಿಸಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಮಳೆ ಸಂಜೆ, ನಮ್ಮ ಅಂಗಡಿಗೆ ಬಂದು ಕೂತಿದ್ದೀರಿ. ಏನು ಆರ್ಡರ್ ಮಾಡ್ತೀರಿ?"
ಬೆಲ್ಲ-ಶುಂಠಿ ಕಾಫಿ ₹100
ಮೆಣಸಿನ ಚಾಕೊಲೇಟ್ ₹120
ನನ್ನ ಮಾಮೂಲಿ ಕಾಫಿನೇ
ನಾನು ಮೈಸೂರಲ್ಲಿಲ್ಲ

ಕೊನೆಯ ಎರಡು ಸಾಲುಗಳೇ ಈ ಪೋಲ್‌ನ ಜೀವ. ಮಾಮೂಲಿ ಕಾಫಿ ಎನ್ನುವ ಆಯ್ಕೆ ಇಲ್ಲದಿದ್ದರೆ ಹೊಸದನ್ನು ಎಂದೂ ಕೊಳ್ಳದವರೂ ಏನೋ ಒಂದನ್ನು ಒತ್ತಿ ಹೋಗುತ್ತಾರೆ, ಆ ಮತ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಊರಿನಲ್ಲಿ ಇಲ್ಲದವರ ವಿಷಯವೂ ಅಷ್ಟೇ. ಮೈಸೂರಿನಲ್ಲಿ ಓದಿ ಬೆಂಗಳೂರಿಗೆ ಹೋದವರು, ಒಮ್ಮೆ ಪ್ರವಾಸಕ್ಕೆ ಬಂದು ಫಾಲೋ ಮಾಡಿದವರು, ಬೇರೆ ಊರಿನ ಕಾಫಿ ಅಂಗಡಿಯವರು, ಇವರೆಲ್ಲ ಪ್ರೀತಿಯಿಂದಲೇ ಮತ ಹಾಕುತ್ತಾರೆ. ಲೋಟ ಕೊಳ್ಳುವುದಕ್ಕೆ ಮಾತ್ರ ಬರುವುದಿಲ್ಲ. ಅವರಿಗೂ ಒಂದು ಬಟನ್ ಕೊಟ್ಟರೆ ಬೇಸರವೂ ಆಗುವುದಿಲ್ಲ, ಲೆಕ್ಕವೂ ಕೆಡುವುದಿಲ್ಲ.

ಎರಡು ಡ್ರಿಂಕ್‌ಗಳನ್ನೂ ಒಂದೇ ಟೇಬಲ್ ಮೇಲೆ, ಒಂದೇ ಬೆಳಕಿನಲ್ಲಿ, ಒಂದೇ ತರದ ಲೋಟದಲ್ಲಿಟ್ಟು ಒಂದೇ ಫೋಟೋ ತೆಗೆಯಿರಿ. ಒಂದಕ್ಕೆ ಹಿತ್ತಾಳೆ ಲೋಟ-ಬಟ್ಟಲು, ಇನ್ನೊಂದಕ್ಕೆ ಪೇಪರ್ ಕಪ್ ಇಟ್ಟರೆ ಜನ ಮತ ಹಾಕುವುದು ಹಿತ್ತಾಳೆಗೆ. "ನಮ್ಮ ಫೇವರಿಟ್ ಇದು" ಎಂದು ಎಲ್ಲೂ ಸುಳಿವು ಕೊಡಬೇಡಿ.

ಕಾಮೆಂಟ್‌ನಲ್ಲಿ ಎಮೋಜಿ ಹಾಕಿಸುವುದಕ್ಕಿಂತ ಸ್ಟೋರಿ ಪೋಲ್ ಒಳ್ಳೆಯದು. ಕಾಮೆಂಟ್‌ನಲ್ಲಿ ಮೊದಲ ಹತ್ತು ಜನ ಹೇಳಿದ್ದನ್ನು ಉಳಿದವರು ನೋಡಿ ಅದನ್ನೇ ಹೇಳುತ್ತಾರೆ. ವಾಟ್ಸ್ಆ್ಯಪ್ ಗ್ರೂಪಿನ ಪೋಲ್‌ನಲ್ಲೂ ಯಾರು ಯಾವುದಕ್ಕೆ ಹಾಕಿದರು ಎಂದು ಎಲ್ಲರಿಗೂ ಕಾಣುತ್ತದೆ. ಸ್ಟೋರಿಯಲ್ಲಿ ಹಾಗಲ್ಲ, ಮತ ಹಾಕಿದ ಮೇಲೆಯೇ ಫಲಿತಾಂಶ ಕಾಣುವುದು. ಯಾರು ಏನು ಒತ್ತಿದರು ಎಂಬುದು ನಿಮಗೆ ಮಾತ್ರ ಗೊತ್ತಾಗುತ್ತದೆ. ಸ್ಟೋರಿ 24 ಗಂಟೆಗೆ ಹೋಗುತ್ತದೆ, ಅಷ್ಟರೊಳಗೆ ಆ ಪಟ್ಟಿಯ ಸ್ಕ್ರೀನ್‌ಶಾಟ್‌ಗಳನ್ನು ತೆಗೆದಿಟ್ಟುಕೊಳ್ಳಿ.

ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಮಾಡೋಣ. 210 ಜನ ಮತ ಹಾಕಿದರು ಎಂದುಕೊಳ್ಳಿ. ಬೆಲ್ಲ-ಶುಂಠಿಗೆ 68, ಚಾಕೊಲೇಟ್‌ಗೆ 52, ಮಾಮೂಲಿ ಕಾಫಿಗೆ 50, ಊರಲ್ಲಿಲ್ಲದವರು 40. ಮೊದಲು ಆ 40 ತೆಗೆದುಬಿಡಿ. ಉಳಿದ 170ರಲ್ಲಿ 120 ಜನಕ್ಕೆ ಹೊಸ ಡ್ರಿಂಕ್ ಬೇಕು, 50 ಜನಕ್ಕೆ ಬೇಡ. ಇದು ಒಳ್ಳೆಯ ಸುದ್ದಿ, ಸೀಸನ್ ಡ್ರಿಂಕ್ ತರಬಹುದು. ಮಾಮೂಲಿ ಕಾಫಿಯೇ 120 ಪಡೆದಿದ್ದರೆ ಈ ಸಲ ಏನೂ ತರದೆ ಇರುವ ಫಿಲ್ಟರ್ ಕಾಫಿಯನ್ನೇ ಇನ್ನೂ ಚೆನ್ನಾಗಿ ಮಾಡಿ ಎನ್ನುತ್ತಿದ್ದೆ.

ಇನ್ನು 68ಕ್ಕೂ 52ಕ್ಕೂ ಇರುವ ವ್ಯತ್ಯಾಸ 16. ಇದು ನಿಜವಾದ ಗೆಲುವೇ? ಇದಕ್ಕೊಂದು ಸುಲಭದ ಅಳತೆ ಇದೆ. ಎರಡಕ್ಕೂ ಸೇರಿ ಬಿದ್ದ ಮತಗಳ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 120ರ ವರ್ಗಮೂಲ ಸುಮಾರು 11, ಎರಡು ಪಟ್ಟು 22. ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಗೆಲುವು, ಕಡಿಮೆ ಇದ್ದರೆ ಸಮ ಎಂದುಕೊಳ್ಳಿ. 16 ಎಂದರೆ ಸಮ. ನಾಳೆ ಇದೇ ಪೋಲ್ ಹಾಕಿದರೆ ಉಲ್ಟಾ ಆದರೂ ಆಶ್ಚರ್ಯವಿಲ್ಲ. ಇವೆರಡನ್ನೇ ಶೇಕಡಾ ಲೆಕ್ಕಕ್ಕೆ ತಂದು 57%, 43% ಎಂದು ನೋಡಿದಾಗ ದೊಡ್ಡ ಅಂತರದ ಹಾಗೆ ಕಾಣುತ್ತದೆ, ಅಲ್ವಾ? ಅದಕ್ಕೇ ಶೇಕಡಾವನ್ನು ಬಿಟ್ಟು ಮತಗಳ ಸಂಖ್ಯೆ ನೋಡಿ ಅನ್ನುವುದು.

ಸಮ ಬಂದಾಗ ಹೆಸರುಗಳ ಪಟ್ಟಿ ತೆಗೆಯಿರಿ. ಕೌಂಟರ್‌ನಲ್ಲಿ ನಿಲ್ಲುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಾರಕ್ಕೊಮ್ಮೆಯಾದರೂ ಬರುವವರ ಹೆಸರಿನ ಮುಂದೆ ಟಿಕ್ ಹಾಕಿ. ನಿಮ್ಮ ಸಿಬ್ಬಂದಿ, ಮನೆಯವರು, ಬೇರೆ ಅಂಗಡಿಯವರ ಹೆಸರು ಹೊಡೆದುಹಾಕಿ. ಅಂಥ 30 ಗಿರಾಕಿಗಳು ಸಿಕ್ಕಿದರು, ಅವರಲ್ಲಿ 21 ಜನ ಬೆಲ್ಲ-ಶುಂಠಿ, 9 ಜನ ಚಾಕೊಲೇಟ್ ಎಂದಿಟ್ಟುಕೊಳ್ಳಿ. ವ್ಯತ್ಯಾಸ 12. 30ರ ವರ್ಗಮೂಲದ ಎರಡು ಪಟ್ಟು 11. ಈಗ ಗೆಲುವು ಎನ್ನಬಹುದು, ಕೂದಲೆಳೆಯಷ್ಟೇ ಆದರೂ. ಗುರುತು ಸಿಗದ 90 ಮತಗಳಿಗಿಂತ ಈ 30 ಮತಗಳನ್ನು ನಾನು ಹೆಚ್ಚು ನಂಬುತ್ತೇನೆ.

ಆದರೂ ಇನ್‌ಸ್ಟಾಗ್ರಾಂನಲ್ಲೇ ಇಲ್ಲದ ಒಂದು ಗುಂಪು ನಿಮ್ಮಲ್ಲೂ ಇರುತ್ತದೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಪೇಪರ್ ಓದುತ್ತಾ ಕೂರುವ ಹಿರಿಯರು. ಚಿಕ್ಕ ಅಂಗಡಿಯ ಬೆಳಗಿನ ವ್ಯಾಪಾರ ಬಹುಪಾಲು ಅವರ ಮೇಲೆಯೇ ನಿಂತಿರುತ್ತದೆ. ಅವರನ್ನು ಬಿಟ್ಟು ನಿರ್ಧಾರ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೌಂಟರ್ ಮೇಲೆ ಎರಡು ಗಾಜಿನ ಭರಣಿ ಇಡಿ, ಒಂದರ ಮೇಲೆ ಬೆಲ್ಲ-ಶುಂಠಿ, ಇನ್ನೊಂದರ ಮೇಲೆ ಚಾಕೊಲೇಟ್. ಬಿಲ್ ಚೀಟಿಯನ್ನು ಮಡಚಿ ತಮಗೆ ಬೇಕಾದ ಭರಣಿಗೆ ಹಾಕಲಿ. ಬಿಲ್ಲಿನ ಮೇಲೆ ಸಮಯ ಇರುವುದರಿಂದ ಬೆಳಗಿನವರು ಏನು ಕೇಳಿದರು, ಸಂಜೆಯವರು ಏನು ಕೇಳಿದರು ಎಂದು ಬೇರೆ ಮಾಡಿ ನೋಡಬಹುದು. ಗಾಜಿನ ಭರಣಿಯಲ್ಲಿ ಯಾವುದು ತುಂಬಿದೆ ಎಂದು ಹೊರಗೆ ಕಾಣುತ್ತದಲ್ಲ, ಹಾಗಾಗಿ ಸುತ್ತ ಒಂದು ಕಾಗದ ಸುತ್ತಿ. ಬೆಳಗಿನ ಚೀಟಿಗಳೆಲ್ಲ ಒಂದು ಕಡೆ, ಸಂಜೆಯವೆಲ್ಲ ಇನ್ನೊಂದು ಕಡೆ ಬಿದ್ದರೆ ಎರಡನ್ನೂ ತನ್ನಿ, ಒಂದನ್ನು ಬೆಳಿಗ್ಗೆ ಹನ್ನೊಂದರವರೆಗೆ, ಇನ್ನೊಂದನ್ನು ನಾಲ್ಕು ಗಂಟೆ ಮೇಲೆ.

ಫಲಿತಾಂಶವನ್ನು ಕೂಡಲೇ ಘೋಷಿಸಬೇಡಿ. ಅದಕ್ಕೂ ಮೊದಲು ಮೂರು ದಿನ ಸುಮ್ನೆ ಬೋರ್ಡಿನಲ್ಲಿ ಬರೆದು ಪೂರ್ತಿ ಬೆಲೆಗೆ ಮಾರಿ. ಪುಕ್ಕಟೆ ಕೊಟ್ಟರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಎಷ್ಟು ಲೋಟ ಹೋಯಿತು ಎಂಬುದಕ್ಕಿಂತ ತೊಳೆಯಲು ಬಂದ ಲೋಟಗಳಲ್ಲಿ ಏನು ಉಳಿದಿದೆ ಎಂದು ನೋಡಿ. ಕಾಲು ಭಾಗ ಕಾಫಿ ಉಳಿದು ಬರುತ್ತಿದ್ದರೆ ಸಿಹಿ ಹೆಚ್ಚಾಗಿದೆ ಅಥವಾ ಶುಂಠಿಯ ಖಾರ ಗಂಟಲಿಗೆ ಹಿಡಿಯುತ್ತಿದೆ. ಆಗ ಸಿರಪ್ಪನ್ನು 25ರಿಂದ 20 ಮಿಲಿಗೆ ಇಳಿಸಿ. ತಳದಲ್ಲಿ ಕಣಗಳಿದ್ದರೆ ಹಾಲು ಒಡೆದಿದೆ, ಮೇಲೆ ಹೇಳಿದ ಕ್ರಮವನ್ನು ಯಾರೋ ತಪ್ಪಿಸಿದ್ದಾರೆ. ಮೊದಲ ದಿನ ಕುಡಿದವರು ಮೂರನೇ ದಿನದೊಳಗೆ ಮತ್ತೆ ಕೇಳಿದರೆ, ಅಂಥವರು ನಾಲ್ಕೈದೇ ಜನ ಇದ್ದರೂ ಅದಕ್ಕೆ ಬಹಳ ಬೆಲೆ ಇದೆ.

ಇದಾದ ಮೇಲೆ ಸ್ಟೋರಿಯಲ್ಲಿ ಹೇಳಿ. ಎಷ್ಟು ಮತ ಯಾವುದಕ್ಕೆ ಬಂತು ಎಂದು ಇದ್ದ ಹಾಗೇ ತೋರಿಸಿ. ಸಮ ಬಂದಿದ್ದರೆ ಸಮ ಎಂದೇ ಹೇಳಿ, ಭರಣಿಯ ಚೀಟಿಗಳಿಂದ ತೀರ್ಮಾನವಾಯಿತು ಎನ್ನಿ. ಪೋಲ್ ಹಾಕಿ ಹತ್ತು ದಿನದೊಳಗೆ ಇದು ಆಗಬೇಕು. ಅದಕ್ಕಿಂತ ತಡವಾದರೆ ಮತ ಹಾಕಿದವರಿಗೆ ತಾವು ಮತ ಹಾಕಿದ್ದೇ ನೆನಪಿರುವುದಿಲ್ಲ. "ಕೌಂಟರ್‌ನಲ್ಲಿ 'ನಾನೂ ಮತ ಹಾಕಿದ್ದೆ' ಅಂತ ಹೇಳಿ, ಹತ್ತು ರೂಪಾಯಿ ಕಡಿಮೆ" ಎಂದು ಒಂದು ಸಾಲು ಸೇರಿಸಿ. ಹತ್ತು ರೂಪಾಯಿಗೆ ನಿಮಗೆ ಸಿಗುವುದು ಒಂದು ಅಪರೂಪದ ಲೆಕ್ಕ: ಮತ ಹಾಕಿದ ಎಷ್ಟು ಜನ ನಿಜವಾಗಿ ಬಂದರು? ಕೌಂಟರ್ ಹಿಂದೆ ಒಂದು ಚೀಟಿ ಅಂಟಿಸಿ ಗೀಟು ಹಾಕುತ್ತಾ ಹೋಗಿ. 68ಕ್ಕೆ 12 ಜನ ಬಂದರೆ, ಮುಂದಿನ ಪೋಲ್‌ನಲ್ಲಿ ಆರು ಮತಕ್ಕೆ ಒಂದು ಲೋಟ ಎಂದು ಅಂದಾಜು ಮಾಡಿ ಸಾಮಾನು ತರಬಹುದು.

ಎಷ್ಟು ದಿನ ಮಾರಬೇಕು ಎನ್ನುವುದಕ್ಕೆ ಮೈಸೂರಿನ ಮಳೆಯನ್ನೇ ನೋಡಿ. ಕರಾವಳಿಯ ಹಾಗೆ ಇಲ್ಲಿ ಜೂನ್-ಜುಲೈನಲ್ಲೇ ಎಲ್ಲ ಸುರಿದು ಮುಗಿಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಜಿನುಗು ಮತ್ತು ತಣ್ಣನೆ ಗಾಳಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಜೋರು ಮಳೆ. ಬಿಸಿ ಡ್ರಿಂಕ್ ದಸರಾವರೆಗೂ ಓಡುತ್ತದೆ. ದಸರಾಕ್ಕೆ ಬರುವ ಹೊರಊರಿನವರು ಪೋಲ್‌ನಲ್ಲಿ ಇರಲಿಲ್ಲ, ಆದರೆ ಅವರಿಗೆ ಬೆಲ್ಲ-ಶುಂಠಿ ಕಾಫಿ ಎಂದರೆ ಬೋರ್ಡ್ ಓದಿದ ಕೂಡಲೇ ಅರ್ಥವಾಗುತ್ತದೆ. ವಿವರಿಸಬೇಕಾದ ಡ್ರಿಂಕ್ ಆ ಹತ್ತು ದಿನಗಳ ರಶ್‌ನಲ್ಲಿ ಮಾರಲಾಗುವುದಿಲ್ಲ.

ಮೊದಲ ವಾರಕ್ಕೆ ದಿನಕ್ಕೆ 14 ಲೋಟಕ್ಕೆ ಸಾಕಾಗುವಷ್ಟೇ ಸಿರಪ್ ಮಾಡಿ, ಅಂದರೆ ದಿನಕ್ಕೆ ಒಂದು ಸಲದ ಅಳತೆ. ಫ್ರಿಜ್‌ನಲ್ಲಿ ಅದು ಒಂದು ವಾರ ಇರುತ್ತದೆ, ಹಾಗಾಗಿ ಉಳಿದರೂ ನಷ್ಟವಿಲ್ಲ. ಡಬ್ಬಿಯ ಮೇಲೆ ಮಾಡಿದ ತಾರೀಖು ಬರೆದಿಡಿ, ಹಳೆಯದು ಮುಗಿದ ಮೇಲೆಯೇ ಹೊಸದನ್ನು ತೆರೆಯಿರಿ. ಸಂಜೆ ಆರಕ್ಕೇ ಮುಗಿದರೆ ಬೋರ್ಡಿನಲ್ಲಿ "ಇವತ್ತಿಗೆ ಖಾಲಿ" ಎಂದು ಬರೆಯಿರಿ, ಅವಸರದಲ್ಲಿ ಹಸಿ ಶುಂಠಿ ತುರಿದು ಹಾಕಿ ಇನ್ನೆರಡು ಲೋಟ ಮಾಡಲು ಹೋಗಬೇಡಿ.